ಸಾಯಿರಾಳ ಪತ್ರದ ಮೂರನೆಯ ಸಾಲು

ಅಫಜಲಪುರದ ಒಂದು ನಿಕಾಹದಲ್ಲಿ ಸಾಯಿರಾಳನ್ನು ಮೊದಲ ಸಲ ಕಂಡಾಗ ಇದನ್ನು ಬರೆಯುವವನು ಆಕೆಯನ್ನು ಮದುಮಗಳ ಚಿಕ್ಕಮ್ಮ ಎಂದುಕೊಂಡು, ಮದುಮಗಳಿಗೆ ಆಶೀರ್ವಾದ ಹೇಳಿ ಕಳಿಸಿದ್ದ. ಪರದೆಯ ಆಚೆ ಈಚೆ ಅಷ್ಟು ಅಧಿಕಾರದಿಂದ ಓಡಾಡುತ್ತ, ನಿಲ್ರಿ, ಸರೀರಿ, ನಗ್ರಿ ಎಂದು ಹಿರಿಯರಿಗೂ ಅಪ್ಪಣೆ ಕೊಡುವವರು ಚಿಕ್ಕಮ್ಮಂದಿರಲ್ಲದೆ ಮತ್ಯಾರು? ಬುರ್ಖಾದ ಮಡಿಕೆಯಿಂದ ಕ್ಯಾಮೆರಾ ಹೊರಬಂದ ಮೇಲೆಯೇ ಗೊತ್ತಾದದ್ದು, ಆಕೆ ಆಳಂದದ ದೌಲತರಾಯರ ಸ್ಟುಡಿಯೋದವಳು.

ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಕಡೆಯ ವಿಡಿಯೋಕ್ಕೆ ಹೆಂಗಸೇ ಬೇಕು ಎನ್ನುವವರು ಸುತ್ತಲಿನ ಮೂರು ತಾಲೂಕಿನಿಂದ ಆಕೆಯನ್ನೇ ಕರೆಯುತ್ತಿದ್ದರು. ಅದಕ್ಕೊಂದು ಕಟ್ಟಳೆಯೂ ಇತ್ತು. ಎಡಿಟಿಂಗ್ ಆಕೆಯೊಬ್ಬಳೇ ಒಳಕೋಣೆಯಲ್ಲಿ ಮಾಡಬೇಕು. ಪೆನ್‌ಡ್ರೈವ್ ಮದುಮಗಳ ತಾಯಿಯ ಕೈಗೇ ಕೊಡಬೇಕು. ಆ ತಾಯಿಯ ಎದುರಿಗೇ ಕಂಪ್ಯೂಟರಿನಲ್ಲಿ ಉಳಿದದ್ದನ್ನೆಲ್ಲ ಅಳಿಸಬೇಕು. ಹನ್ನೊಂದು ವರ್ಷ ಸಾಯಿರಾ ತೆಗೆದಳು, ಹನ್ನೊಂದು ವರ್ಷ ಅಳಿಸಿದಳು.

ಅಳಿಸಿದ್ದರಲ್ಲಿ ಚೌಡಾಪುರದ ಖಾಸೀಂಬಿಯೂ ಇದ್ದಳು. ಅರಿಶಿನದ ದಿನ ಢೋಲಕ್ ಬಡಿಯುತ್ತ ಬೀಗರನ್ನು ಬಯ್ಯುವ ಹಾಡು ಆ ಮುದುಕಿಗೆ ಬಂದಷ್ಟು ಬೇರೆ ಯಾರಿಗೂ ಬರುತ್ತಿರಲಿಲ್ಲ. ಎಪ್ಪತ್ತು ದಾಟಿತ್ತು, ಕಲಿತವರು ಯಾರೂ ಇರಲಿಲ್ಲ. ಮದುವೆಯ ಗದ್ದಲವಿಲ್ಲದೆ ಆಕೆಯ ಹಾಡುಗಳನ್ನು ಒಮ್ಮೆ ಪೂರ್ತಿ ಚಿತ್ರಿಸಿಡಬೇಕೆನ್ನುವುದು ಸಾಯಿರಾಳ ಒಂದೇ ಆಸೆ. ರಂಜಾನ್ ಮುಗಿದ ಮೇಲೆ ಬಾ, ಹಾಡುತ್ತೇನೆ ಎಂದು ಮುದುಕಿ ಒಪ್ಪಿಯೂ ಇದ್ದಳು. ಅಷ್ಟರಿಂದಲೇ ಸಾಯಿರಾಳ ತಲೆಯಲ್ಲಿ ಡಾಕ್ಯುಮೆಂಟರಿ ಕಂಪನಿ ಹುಟ್ಟಿತು. ಹಳೆಯ ಕ್ಯಾಮೆರಾವೊಂದನ್ನು ಕೊಂಡಳು. ಕಂಪನಿಗೆ ಹೆಸರಿಟ್ಟು ಆನ್‌ಲೈನಿನಲ್ಲಿ ನೋಂದಣಿ ಮಾಡಿಸಿದಳು. ಆ ಕಂಪನಿಯಲ್ಲಿ ಆಕೆಯೇ ನಿರ್ದೇಶಕಿ, ಆಕೆಯೇ ಜವಾನ.

ಸ್ಟುಡಿಯೋ ಬಿಡುವವರು ಅದುವರೆಗೆ ಫೋನ್ ಸ್ವಿಚ್ ಆಫ್ ಮಾಡಿ ಬಿಡುತ್ತಿದ್ದರು. ಸಾಯಿರಾ ಹಾಗಲ್ಲ, ಪತ್ರ ಬರೆದಳು. ಮೊದಲ ಸಾಲಿನಲ್ಲಿ ರಾಜೀನಾಮೆ. ಎರಡನೆಯದರಲ್ಲಿ, ರಂಜಾನಿನಲ್ಲಿ ಹೇಗೂ ಮದುವೆ ಇಲ್ಲ, ಅದರ ಹಿಂದಿನ ಶಾಬಾನ್ ತಿಂಗಳ ಕೊನೆಯ ಮದುವೆಯವರೆಗೂ ಕೆಲಸ ಮಾಡಿಕೊಡುತ್ತೇನೆ ಎಂಬ ಭರವಸೆ. ಮೂರನೆಯ ಸಾಲಿಗೆ ನಾಲ್ಕು ದಿನ ಹಿಡಿಯಿತು: ‘ಹನ್ನೊಂದು ವರ್ಷ ಪರದೆಯ ಹಿಂದೆ ನಾನು ಕಂಡದ್ದನ್ನು ಜಗತ್ತಿಗೆ ತೋರಿಸಬಯಸುತ್ತೇನೆ.’ ಬರೆದು ಮುಗಿಸಿ ತಾನೇ ಗಟ್ಟಿಯಾಗಿ ಓದಿಕೊಂಡಳು. ಸೊಗಸಾಗಿಯೇ ಇತ್ತು.

ದೌಲತರಾಯರು ಪತ್ರವನ್ನು ಎದ್ದು ನಿಂತು ಓದಿದರು.

“ರಾಜೀನಾಮೆ ಬರೋದು ದೊಡ್ಡ ದೊಡ್ಡ ಆಫೀಸಿಗೆ ನೋಡವಾ,” ಎಂದರು. “ಇವತ್ತು ನಮಗೂ ಬಂತು.”

ಸ್ವೀಕರಿಸಲಾಗಿದೆ ಎಂದು ಬರೆದು ಸ್ಟುಡಿಯೋದ ಸಿಕ್ಕಾ ಹೊಡೆದರು. ಪತ್ರದ ಫೋಟೊ ತೆಗೆದು, ‘ನಮ್ಮ ಸಂಸ್ಥೆಯ ಹೆಮ್ಮೆ’ ಎಂದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರು. ಅವರ ಫೋನಿನಲ್ಲಿ ಇದ್ದ ನಂಬರುಗಳೆಲ್ಲ ಮದುವೆಮನೆಯವರವೇ.

ಮಧ್ಯಾಹ್ನದಿಂದ ಫೋನುಗಳು ಶುರುವಾದವು. ಮೊದಲನೆಯದನ್ನು ರಾಯರು ಅಭಿನಂದನೆ ಎಂದುಕೊಂಡು ಧನ್ಯವಾದ ಹೇಳಿದರು. ಮರುದಿನ ಜೇವರ್ಗಿಯ ಕುಲಸುಮಬಿ ಬಸ್ಸು ಹತ್ತಿ ಬಂದೇಬಿಟ್ಟಳು. ಹಿಂದಿನ ವರ್ಷ ಆಕೆಯ ಮಗಳ ಮದುವೆಯ ವಿಡಿಯೋ ತೆಗೆದದ್ದು ಸಾಯಿರಾಳೇ.

“ನನ್ನ ಮಗಳನ್ನ ಯಾವ ಜಗತ್ತಿಗೆ ತೋರಸ್ತಿ ಬೇ?”

ಸಾಯಿರಾ ಕಂಪ್ಯೂಟರ್ ತೆರೆದು ತೋರಿಸಿದಳು. ಅಂದು ನಿಮ್ಮೆದುರೇ ಅಳಿಸಿದ್ದೆನಲ್ಲ, ಒಂದು ಫೋಟೊ ಕೂಡ ಇಲ್ಲ ಎಂದಳು.

“ಇಲ್ಲಿ ಇಲ್ಲಂದ್ರ ನಿನ್ನ ಮನ್ಯಾಗ ಅದ.”

ಇಲ್ಲದ್ದನ್ನು ಇಲ್ಲವೆಂದು ತೋರಿಸುವ ಕ್ಯಾಮೆರಾ ಇನ್ನೂ ಬಂದಿಲ್ಲ. ಶಾಬಾನಿನ ಮದುವೆಯವರು ಒಬ್ಬೊಬ್ಬರಾಗಿ, ಹೆಂಗಸರ ಕಡೆ ವಿಡಿಯೋ ಬೇಡ ಎಂದರು. ಗಂಡಸರ ಕಡೆಯವೂ ನಾಲ್ಕು ಮದುವೆ ಕೈತಪ್ಪಿದವು.

ಈದ್ ಮುಗಿದ ವಾರ ಸಾಯಿರಾ ತನ್ನ ಕ್ಯಾಮೆರಾ ಹೊತ್ತು ಚೌಡಾಪುರಕ್ಕೆ ಹೋದಳು. ಖಾಸೀಂಬಿಯ ಸೊಸೆ ಮದೀನಾಬಿ ಹೊರಗಿನ ಕಟ್ಟೆಯ ಮೇಲೇ ಕೂರಿಸಿ ಚಹಾ ಕೊಟ್ಟಳು. ಒಳಗೆ ಮುದುಕಿ ಕೆಮ್ಮುವುದು ಕೇಳುತ್ತಿತ್ತು, ಹೊರಗೆ ಬರಲಿಲ್ಲ. ಮದೀನಾಬಿ ಬಯ್ಯಲೂ ಇಲ್ಲ. ಅತ್ತೆಯನ್ನು ಈ ಸಲ ಯಾರೂ ಅರಿಶಿನಕ್ಕೆ ಕರೆಯಲಿಲ್ಲ ಎಂದಳು. ಖಾಸೀಂಬಿ ಬಂದರೆ ಹಿಂದೆಯೇ ಆ ಕ್ಯಾಮೆರಾದವಳೂ ಬರುತ್ತಾಳೆ ಎನ್ನುತ್ತಾರಂತೆ. ಢೋಲಕ್ ಅನ್ನು ಅಟ್ಟಕ್ಕೆ ಹಾಕಿಯಾಗಿತ್ತು. ಸಾಯಿರಾ ಚಹಾ ಕುಡಿದು, ಕಪ್ಪು ತೊಳೆದಿಟ್ಟು, ಚೀಲದ ಜಿಪ್ಪು ಕೂಡ ಬಿಚ್ಚದೆ ಬಸ್ಸಿಗೆ ನಿಂತಳು.

ದೌಲತರಾಯರು ಕೆಟ್ಟವರಲ್ಲ. ಆಕೆ ಮತ್ತೆ ಬಂದಾಗ ಏನೂ ಕೇಳದೆ ಒಳಕೋಣೆಯ ಕುರ್ಚಿ ತೋರಿಸಿದರು. ಈಗ ಆಕೆ ಗಂಡಸರು ತೆಗೆದು ತಂದ ಫೋಟೊಗಳಿಗೆ ಆಲ್ಬಮ್ ಹೊಂದಿಸುತ್ತಾಳೆ, ಹಿನ್ನೆಲೆಗೆ ಜಲಪಾತ, ಗುಲಾಬಿ ಕೂರಿಸುತ್ತಾಳೆ. ಯಾವ ಮದುವೆಮನೆಗೂ ಹೋಗುವಂತಿಲ್ಲ. ರಾಜೀನಾಮೆಯನ್ನು ರಾಯರು ಫೈಲಿನಿಂದ ತೆಗೆದಿಲ್ಲ. ಸಂಸ್ಥೆ ಅಂದಮೇಲೆ ಒಂದು ರಾಜೀನಾಮೆಯಾದರೂ ಇರಬೇಕಂತೆ.

ಒಂದು ದಿನ ಗಿರಾಕಿ ಯಾರೂ ಇರಲಿಲ್ಲ. ರಾಯರು ಕುರ್ಚಿ ಎಳೆದುಕೊಂಡು ಆಕೆಯ ಪಕ್ಕ ಕೂತರು. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದ ವಿಷಯವಿರಬೇಕು, ದನಿ ತಗ್ಗಿಸಿ ಕೇಳಿದರು.

“ಅಲ್ಲವಾ, ನಿನ್ನ ಆ ಡಾಕ್ಯುಮೆಂಟರ್‍ಯಾಗ ಇಂಟರ್ವಲ್ ಇರತದೇನು?”

“ಶುರೂನೇ ಆಗಿಲ್ರಿ,” ಎಂದಳು ಸಾಯಿರಾ.