‘ಮುಟ್ಟು’ ಎಂಬ ಪದಕ್ಕೆ ಕೆಂಪು ಗೆರೆ

ನನ್ನ ಗೈಡ್ ಮೂರನೇ ಅಧ್ಯಾಯವನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಆಗಲೇ ನನಗೆ ಅನುಮಾನ ಬಂತು. ತೆಗೆದು ನೋಡಿದರೆ ‘ಮುಟ್ಟು: ಒಂದು ಪದದ ಓದು’ ಅನ್ನುವ ಇಡೀ ಭಾಗದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ. ಪಕ್ಕದಲ್ಲಿ ಒಂದೇ ಮಾತು: ‘ಅಸಭ್ಯ.’ ಅಕ್ಷರ ಗೈಡ್ ಅವರದಲ್ಲ, ನನ್ನ ಪ್ರಬಂಧ ಮಂಡನೆಗೆ ತಜ್ಞರಾಗಿ ಬರಲಿದ್ದ ಹಿರಿಯ ಪ್ರಾಧ್ಯಾಪಕರದು.

ನಾನು ಎಂಟುನೂರು ವರ್ಷ ಹಳೆಯ ಭಕ್ತಿ ಕಾವ್ಯದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೆ. ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಓಡಾಡಿ, ಬೆಳಗ್ಗೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳಿ, ಮಧ್ಯಾಹ್ನ ಗ್ರಂಥಾಲಯದಲ್ಲಿ ಕೂತು ಬರೆದ ಅಧ್ಯಾಯ ಅದು. ಅವಧಿ ಎರಡು ಸಲ ವಿಸ್ತರಣೆಯಾಗಿತ್ತು, ಇನ್ನು ವಿಸ್ತರಣೆ ಇಲ್ಲ. ಈ ಮಂಡನೆಯಲ್ಲಿ ಅಧ್ಯಾಯ ಬಿದ್ದರೆ ನನ್ನ ನೋಂದಣಿಯೂ ಬಿತ್ತು. ಅಷ್ಟೂ ವರ್ಷದ ಕೆಲಸ ಹೊಳೆಗೆ ಹಾಕಿದ ಹಾಗೆ.

“ಏನು ಅಸಭ್ಯ ಸರ್ ಇದರಲ್ಲಿ?” ಎಂದೆ.

“ಆ ಪದ ಬ್ಯಾಡಮ್ಮ.”

“ಯಾವ ಪದ?”

ಗೈಡ್ ಕಿಟಕಿ ಕಡೆ ನೋಡಿದರು. ಒಳ್ಳೆಯ ಮನುಷ್ಯ, ಪಾಪ, ಆದರೆ ಹಿರಿಯರ ಹೆಸರು ಕೇಳಿದರೆ ಕುರ್ಚಿಯಲ್ಲೇ ಕುಗ್ಗಿಹೋಗುವವರು. “ಅದೇ... ಹೆಣ್ಮಕ್ಕಳ ವಿಷಯ. ದೇವರ ಮೇಲಿನ ಸಾಹಿತ್ಯದಾಗ ಅದೆಲ್ಲ ಯಾಕ ತರ್ತಿ ಅಂತ ಅವ್ರು ಕೇಳಿದ್ರು. ನನಗೂ ಉತ್ತರ ಹೊಳೀಲಿಲ್ಲ.”

ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮೊದಲು ನಗು ಬಂತು, ಅದರ ಬೆನ್ನಿಗೇ ಮೈಯೆಲ್ಲ ಉರಿದುಹೋಯಿತು.

ನನ್ನ ಕವಯಿತ್ರಿ ಬಿದಿರು ಸೀಳಿ ಬುಟ್ಟಿ ಹೆಣೆಯುವವಳು. ಉಳಿದಿರುವುದು ಅವಳ ಬೆರಳೆಣಿಕೆಯ ವಚನಗಳು. ಅದರಲ್ಲೊಂದರ ಸಾರ ಇಷ್ಟು: ಮುಟ್ಟು ನಿಂತ ದಿನ ತನ್ನ ಪೂಜೆಯೂ ನಿಂತಿತು, ಕೈ ಬರಿದಾದವಳ ಮನೆಗೆ ದೇವರು ಬರಲಿಲ್ಲ. ಇಲ್ಲಿ ಮುಟ್ಟು ಅಂದರೆ ಕಸುಬಿನ ಸಾಧನ, ಅವಳ ಬಿದಿರುಗತ್ತಿ. ಹಳಗನ್ನಡ ಓದಿದವರಿಗೆ ಗೊತ್ತಿರುವ ಅರ್ಥ. ಅದೇ ಪುಟದ ತಲೆಯಲ್ಲಿ ನಾನು ನಿಘಂಟಿನ ಸಮೇತ ಬರೆದೂ ಇದ್ದೆ. ಹಿರಿಯರು ಅದನ್ನು ಓದೇ ಇಲ್ಲ. ಪದ ಕಂಡಿತು, ಹೌಹಾರಿದರು, ಗೆರೆ ಎಳೆದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ!

“ಸರ್, ಇದು ಕತ್ತಿ ಸರ್. ಬಿದಿರು ಸೀಳೋ ಕತ್ತಿ,” ಎಂದೆ.

ಗೈಡ್ ಪುಟ ಎಳೆದುಕೊಂಡು ಓದಿದರು. ಅವರ ಮುಖ ಸಣ್ಣದಾಯಿತು. ಹಾಗಂತ ಧೈರ್ಯ ಬಂತು ಅಂದುಕೊಂಡಿರೇನು? “ಹೌದಲ್ಲ. ಆದ್ರೂ ಅವ್ರ ಮುಂದೆ ತಪ್ಪು ನಿಮ್ಮದು ಅನ್ನಾಕ ಆಗುತ್ತೇನು? ಆ ಭಾಗ ತೆಗೆದುಬಿಡು. ಎಲ್ರೂ ಬರೆಯೋ ಸಾಲು ಐತಲ್ಲ, ಅದನ್ನ ಹಾಕು. ಪ್ರಸ್ತುತ ಅಧ್ಯಯನದಲ್ಲಿ ವಿಶ್ಲೇಷಣಾತ್ಮಕ, ವಿವರಣಾತ್ಮಕ ಹಾಗೂ ತೌಲನಿಕ ವಿಧಾನಗಳನ್ನು ಅನುಸರಿಸಲಾಗಿದೆ. ಯಾರೂ ಏನೂ ಕೇಳಲ್ಲ.”

ಆ ಸಾಲನ್ನು ಕಂಡರೆ ನನಗೆ ಆಗುವುದಿಲ್ಲ. ಜಾನಪದದ ಮೇಲಾಗಲಿ, ಕಾದಂಬರಿಯ ಮೇಲಾಗಲಿ, ಶಾಸನದ ಮೇಲಾಗಲಿ, ಯಾವ ಪ್ರಬಂಧ ತೆಗೆದರೂ ಮೊದಲ ಅಧ್ಯಾಯದಲ್ಲಿ ಅದೇ ಸಾಲು. ಮಂಡಕ್ಕಿ ಅಂಗಡಿಯವನೂ ಗಿರಾಕಿಯ ನಾಲಿಗೆ ನೋಡಿ ಖಾರ ಹೆಚ್ಚು ಕಡಿಮೆ ಮಾಡುತ್ತಾನೆ. ನಮ್ಮವರಿಗೆ ಅಷ್ಟೂ ಬೇಡ. ಹೇಗೆ ಓದಿದೆ, ಯಾಕೆ ಹಾಗೆ ಓದಿದೆ ಅಂತ ಹೇಳುವ ಜಾಗದಲ್ಲಿ ಓದಿಯೇ ಇಲ್ಲ ಅನ್ನುವುದನ್ನು ಮುಚ್ಚುವ ಚಾದರ ಅದು.

ನನ್ನ ಅಧ್ಯಾಯದ ವಾದವೇ ಬೇರೆ ಇತ್ತು. ಈ ವಚನ ನಮಗೆ ನೇರವಾಗಿ ಅವಳ ಬಾಯಿಂದ ಸಿಕ್ಕಿದ್ದಲ್ಲ. ಎಷ್ಟೋ ತಲೆಮಾರಿನ ನಂತರ ಸಂಕಲನಕಾರರು ಅದನ್ನು ಎತ್ತಿ, ಸಾಧನೆಯ ಮೆಟ್ಟಿಲುಗಳ ಪ್ರಕಾರ ಒಂದು ಸ್ಥಲದ ಕೆಳಗೆ ಇಟ್ಟರು. ಯಾರೋ ಕೆಳಗೊಂದು ಟೀಕೆ, ಅಂದರೆ ಅರ್ಥವಿವರಣೆ, ಬರೆದರು. ಟೀಕೆಯ ಪ್ರಕಾರ ಮುಟ್ಟು ಅಂದರೆ ಕರಣ, ಅಂದರೆ ಇಂದ್ರಿಯಗಳು. ಇಂದ್ರಿಯ ನಿಂತರೆ ಪೂಜಿಸುವವನೂ ಇಲ್ಲ, ಪೂಜೆಯೂ ಇಲ್ಲ ಅನ್ನುವುದು ಅವರ ಓದು. ಅದನ್ನು ಸುಳ್ಳು ಅಂತ ನಾನು ಬಿಸಾಡಲಿಲ್ಲ. ಅವರ ಕಾಲ ಕೇಳಿದ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಅದು. ಆದರೆ ಅದೊಂದೇ ಅರ್ಥ ಅಂತ ಒಪ್ಪಲೂ ಇಲ್ಲ. ಅವಳ ಕಾಲದಲ್ಲಿ ಪದ ಹೇಗೆ ಓಡಾಡುತ್ತಿತ್ತು, ಟೀಕೆಯವರು ಹೇಗೆ ತಿರುಗಿಸಿದರು, ಇವತ್ತು ಓದುವ ನಾವು ಮನಸ್ಸಿನಲ್ಲಿ ಏನನ್ನು ಮೊದಲೇ ಇಟ್ಟುಕೊಂಡು ಕೂರುತ್ತೇವೆ, ಈ ಮೂರನ್ನೂ ಎದುರೆದುರು ಇಡಬೇಕು. ಆಮೇಲೆ ಪ್ರತಿ ಅರ್ಥವನ್ನೂ ಇಡೀ ವಚನಕ್ಕೆ ಹಚ್ಚಿ ನೋಡಬೇಕು, ವಚನವನ್ನು ಅವಳ ಉಳಿದ ವಚನಗಳಿಗೆ ಹಚ್ಚಿ ನೋಡಬೇಕು. ಕೂಡದ ಅರ್ಥವನ್ನು ಬಿಡಬೇಕು. ಇದು ನನ್ನ ವಿಧಾನ.

ಹಿರಿಯರು ಹೌಹಾರಿದ ಅರ್ಥ ನನಗೂ ಹೊಳೆಯದೇ ಇರಲಿಲ್ಲ, ನಾನೂ ಹೆಣ್ಣಲ್ಲವೇ? ಆದರೆ ಕೂಡುವುದಿಲ್ಲ. ತಿಂಗಳ ಮುಟ್ಟು ನಿಂತರೆ ತಲೆಗೆ ನೀರು ಹಾಕಿಕೊಂಡು ಪೂಜೆ ಶುರುಮಾಡುವ ರೂಢಿ ನಮ್ಮ ಕಡೆ. ಇವಳು ಹೇಳುವುದು ತಿರುಗುಮುರುಗು: ಮುಟ್ಟು ನಿಂತಿತು, ಪೂಜೆ ನಿಂತಿತು. ಸಾಲನ್ನು ಒಮ್ಮೆ ಪೂರ್ತಿ ಓದಿದವರಿಗೆ ತಿಳಿಯುವ ವಿಷಯ. ಅದಕ್ಕೇ ಆ ಅರ್ಥವನ್ನು ಅಧ್ಯಾಯದಲ್ಲಿ ಎತ್ತಿರಲಿಲ್ಲ. ಇವತ್ತಿನ ಓದುಗರ ಭಾಗ ಹಾಗಾಗಿ ಸ್ವಲ್ಪ ಬಡಕಲಾಗಿಯೇ ಇತ್ತು. ಬರೀ ಸಿದ್ಧಾಂತದ ಮಾತು, ಒಂದೂ ಉದಾಹರಣೆ ಇಲ್ಲ.

ಹರಿಹರದ ಮನೆಗೆ ಹೋಗಿ ಅವ್ವನ ಮುಂದೆ ಕೂಗಾಡಿದೆ. ಅವ್ವ ಅವರೆಕಾಳು ಬಿಡಿಸುತ್ತಿದ್ದಳು.

“ಅವ್ರು ಹೇಳಿದಂಗ ಬರದು ಕೊಟ್ಟು ಡಿಗ್ರಿ ತಗೊಂಬಾರವ್ವ. ನಿಂಗ್ಯಾಕ ಊರ ಉಸಾಬರಿ?”

“ಊರ ಉಸಾಬರಿ ಅಲ್ಲವ್ವ, ನಂದೇ ಉಸಾಬರಿ. ಅವಳ ಕತ್ತಿ ತೆಗೆದ್ರೆ ಆ ವಚನದಾಗ ಏನು ಉಳೀತು? ನನ್ನ ಅಧ್ಯಾಯದಾಗ ಏನು ಉಳೀತು?”

“ಹಂಗಾರ ಅವ್ರ ಮುಂದೇ ಹೇಳು. ನನ್ನ ಮುಂದ ಯಾಕ ಒದರ್ತಿ? ನಾ ಏನು ಗೆರಿ ಎಳದೀನೇನು?” ಎಂದು ಸಿಪ್ಪೆಯನ್ನು ಮೊರದಿಂದ ಕೊಡವಿದಳು.

ಮರುದಿನ ಆ ಭಾಗವನ್ನು ಒಂದಕ್ಷರವೂ ತೆಗೆಯದೆ ಮತ್ತೆ ಮುದ್ರಿಸಿಕೊಂಡೆ.

ಮಂಡನೆ ದಾವಣಗೆರೆಯಲ್ಲಿ, ವಿಭಾಗದ ಸಭಾ ಕೊಠಡಿಯಲ್ಲಿ. ಹಿರಿಯರು ನಡುವಿನ ಕುರ್ಚಿ, ಪಕ್ಕದಲ್ಲಿ ಗೈಡ್, ಎದುರು ಹತ್ತಾರು ಸಂಶೋಧನಾ ವಿದ್ಯಾರ್ಥಿಗಳು. ನಾನು ಮೂರನೇ ಅಧ್ಯಾಯಕ್ಕೆ ಬಂದು ಆ ಪದ ಉಚ್ಚರಿಸಿದ್ದೇ ತಡ, ಹಿರಿಯರು ಕೈ ಎತ್ತಿದರು.

“ಆ ಭಾಗ ತೆಗಿ ಅಂತ ಹೇಳಿದ್ದೆ. ಹೇಳಿದ್ರೋ ಇಲ್ಲೋ ನಿಮ್ ಗೈಡು?”

ಗೈಡ್ ನೀರಿನ ಬಾಟಲಿಯ ಮುಚ್ಚಳ ತಿರುವತೊಡಗಿದರು.

“ಹೇಳಿದ್ರು ಸರ್. ನಾನೇ ತೆಗೀಲಿಲ್ಲ.”

“ಯಾಕ?”

“ಅದು ಕತ್ತಿ, ಸರ್. ಬುಟ್ಟಿ ಹೆಣೆಯೋಳ ಕತ್ತಿ. ಪುಟದ ಮೇಲೇ ಐತಿ.”

ಅವರು ಪುಟ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಕಿವಿ ಕೆಂಪಾಯಿತು. ಆದರೆ ಸೋಲು ಒಪ್ಪುವ ಜಾತಿಯೇ ಅದು? ತಕ್ಷಣ ದಾರಿ ಬದಲಿಸಿದರು.

“ಕತ್ತಿನೋ ಕುಡುಗೋಲೋ, ಅದು ಬ್ಯಾರೆ ಮಾತು. ಟೀಕೆಯೊಳಗ ಕರಣ ಅಂತ ಸ್ಪಷ್ಟ ಐತೆ. ಹಿರಿಯರು ಅರ್ಥ ಕೊಟ್ಟ ಮ್ಯಾಲೆ ಮುಗೀತು. ಮೂರು ಮೂರು ಕಾಲದ ಓದು ಯಾಕಬೇಕು? ಇವತ್ತಿನ ಓದುಗನ್ನ ಯಾಕ ನಡುವೆ ಎಳೀತಿ? ಅವನ ತಲ್ಯಾಗ ಏನೈತಿ ಅನ್ನೋದಕ್ಕೂ ಈ ವಚನಕ್ಕೂ ಏನು ಸಂಬಂಧ? ಇದನ್ನ ಸಮರ್ಥಿಸು, ಇಲ್ಲಾ ತೆಗಿ.”

ಇಷ್ಟು ವರ್ಷ ಬಸ್ಸಿನಲ್ಲಿ ನಿಂತುಕೊಂಡು ಓದಿದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಆ ಕೆಂಪು ಗೆರೆಯ ಹಳೆಯ ಪ್ರತಿ ತೆಗೆದು ಅವರ ಮುಂದೆ ಇಟ್ಟೆ.

“ಟೀಕೆ ನಿಮಗೆ ಬಾಯಿಪಾಠ ಐತಿ ಸರ್. ಅದರಾಗ ಕರಣ ಅಂತ ಐತಿ. ನನ್ನ ಪುಟದ ಮ್ಯಾಲೆ ಕಸುಬಿನ ಸಾಧನ ಅಂತ ಐತಿ. ಎರಡೂ ನಿಮ್ಮ ಮುಂದೇ ಇದ್ವು. ನೀವು ಇಲ್ಲಿ ‘ಅಸಭ್ಯ’ ಅಂತ ಬರೆದ್ರಿ. ಆ ಮೂರನೇ ಅರ್ಥ ಟೀಕೆಯೊಳಗೂ ಇಲ್ಲ, ನನ್ನ ಬರಹದೊಳಗೂ ಇಲ್ಲ. ಹಂಗಾದ್ರೆ ಎಲ್ಲಿಂದ ಬಂತ್ರಿ ಅದು?”

ಹಿಂದೆ ಯಾರೋ ಕೆಮ್ಮಿದರು.

“ಇವತ್ತಿನ ಓದುಗ ಅಂದ್ರೆ ಯಾರೋ ದಾರೀಲಿ ಹೋಗೋನಲ್ಲ ಸರ್. ನಾವೇ. ಪದ ಕಣ್ಣಿಗೆ ಬೀಳೋದಕ್ಕೆ ಮೊದಲೇ ನಮ್ಮ ತಲ್ಯಾಗ ಒಂದು ಅರ್ಥ ಕೂತಿರ್ತೈತಿ. ಅದನ್ನ ಲೆಕ್ಕಕ್ಕೆ ತಗೊಳ್ಳದೆ ಹೋದ್ರೆ ಅದೇ ಪೆನ್ ಹಿಡಿದು ಗೆರೆ ಎಳೀತೈತಿ. ತಗೊಂಡ್ರೆ ವಚನಕ್ಕೆ ಹಚ್ಚಿ ನೋಡಬಹುದು, ಕೂಡಲಿಲ್ಲಾಂದ್ರೆ ಬಿಡಬಹುದು. ನನ್ನ ವಿಧಾನಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ನನ್ನ ಹತ್ರ ಇಲ್ಲ.”

ಗೈಡ್ ಮುಚ್ಚಳ ತಿರುವುವುದನ್ನು ನಿಲ್ಲಿಸಿದರು. ಜೀವಮಾನದಲ್ಲಿ ಮೊದಲ ಸಲವೋ ಏನೋ, “ಪ್ರಶ್ನೆ ಸರಿ ಐತ್ರಿ ಸರ್,” ಎಂದರು. ಬಹಳ ಸಣ್ಣ ದನಿಯಲ್ಲಿ, ಆದರೂ ಅಂದರು.

ಹಿರಿಯರು ವರದಿಯ ಹಾಳೆ ಎಳೆದುಕೊಂಡು, ಇವತ್ತಿನ ಓದುಗರ ಭಾಗಕ್ಕೆ ಉದಾಹರಣೆ ಸೇರಿಸುವುದು ಎಂಬ ಒಂದೇ ಷರತ್ತು ಬರೆದು ಸಹಿ ಹಾಕಿದರು. ಕ್ಷಮೆ ಗಿಮೆ ಏನೂ ಕೇಳಲಿಲ್ಲ, ನಾನೂ ಕಾಯಲಿಲ್ಲ. ನನ್ನ ಸಿಟ್ಟು ಇಳಿದಿತ್ತು ಅಂದರೆ ಸುಳ್ಳಾಗುತ್ತದೆ. ಸಾಲನ್ನು ಪೂರ್ತಿ ಓದದ ಒಬ್ಬ ಮನುಷ್ಯ ನನ್ನ ವರ್ಷಗಳನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕುತ್ತಿದ್ದನಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಅವರು ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದರು.

“ಆ ಉದಾಹರಣೆ ಯಾವುದು ಹಾಕ್ತಿ?”

“ನಿಮ್ಮದೇ ಸರ್.”

ಅವರು ಆಚೀಚೆ ನೋಡಿದರು. “ಹೆಸರು ಮಾತ್ರ ಹಾಕಬ್ಯಾಡ ತಂಗಿ.”

“ಹಾಕಲ್ಲರಿ,” ಎಂದೆ. “ಆ ಟೀಕೆ ಬರೆದವರ ಹೆಸರೂ ಉಳಿದಿಲ್ಲ. ಉಳಿದಿರೋದು ಅವಳ ಕತ್ತಿ ಒಂದೇ.”