ಹೊಟ್ಟೆ ಮುಟ್ಟದೆ ಬರೆದ ಟಿಪ್ಪಣಿ

ಮೆರಿನ್ ಟಕ್ವೆಲ್‌ಗೆ ತನ್ನ ಬಗ್ಗೆ ಇದ್ದ ಹೆಮ್ಮೆ ಒಂದೇ. ಅದು ಅವಳು ಬರೆಯುವ ಟಿಪ್ಪಣಿ. ಇಂಗಮ್ ಎಂಬ ಊರಿನ ಸುತ್ತಿನ ಕಬ್ಬಿನ ಗದ್ದೆಗಳ ನಡುವೆ ಇಪ್ಪತ್ತೆರಡು ವರ್ಷದಿಂದ ಕಾರು ಓಡಿಸಿಕೊಂಡು, ಇನ್ನು ಗುಣವಾಗದು ಎಂದು ಗೊತ್ತಾದವರ ಮನೆಗಳಿಗೆ ಹೋಗಿಬರುವ ನರ್ಸು ಅವಳು. ಗಂಡ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಮಗಳು ಟೌನ್ಸ್‌ವಿಲ್‌ನಲ್ಲಿ ಶಾಲೆಯ ಟೀಚರ್. ಇಟಲಿ ಮೂಲದ ರೈತರ ಅಡುಗೆಮನೆಗಳಲ್ಲಿ ಕೂತು ಕೂತು, ಮೊದಲ ಕಾಫಿಯನ್ನು ಬೇಡ ಎನ್ನಬಾರದು, ಎರಡನೆಯದನ್ನು ಬೇಡ ಎಂದರೂ ನಡೆಯುತ್ತದೆ ಎಂಬುದನ್ನು ಕಲಿತಿದ್ದಳು. ಮೆರಿನ್ ಬರೆದದ್ದನ್ನು ಓದಿದರೆ ರೋಗಿಯನ್ನು ಕಣ್ಣಾರೆ ಕಂಡ ಹಾಗೆ ಎಂದು ಡಾಕ್ಟರುಗಳು ಹೇಳುತ್ತಿದ್ದರು. ಅವಳೂ ಅದನ್ನು ನಂಬಿದ್ದಳು. ಹೊಗಳಿಕೆ ಯಾರಿಗೆ ತಾನೇ ಕಹಿ?

ಹೊಸ ನರ್ಸುಗಳಿಗೆ ಅವಳು ಕಲಿಸುತ್ತಿದ್ದ ಮೊದಲ ಪಾಠ ನೋವಿನದಲ್ಲ, ಕಕ್ಕಸಿನದು. “ಮಾರ್ಫಿನ್ ಶುರು ಮಾಡಿದ ದಿನಾನೇ ಮಲಬದ್ಧತೆ ಔಷಧಿನೂ ಶುರು ಮಾಡ್ಬೇಕು. ಮಾರ್ಫಿನ್ ಕೊಟ್ಟಷ್ಟು ದಿನ ಕರುಳು ಮಲಗಿರುತ್ತೆ. ಬೇರೆ ತೊಂದರೆಗಳು ದೇಹಕ್ಕೆ ಒಗ್ಗಿಹೋಗ್ತವೆ, ಇದು ಮಾತ್ರ ಒಗ್ಗಲ್ಲ. ನಾಚ್ಕೋಬೇಡಿ, ಕೇಳಿ. ಕೇಳಿದ್ದು ಸಾಲ್ದು, ಹೊಟ್ಟೆ ಮುಟ್ಟಿ ನೋಡಿ,” ಎನ್ನುತ್ತಿದ್ದಳು. ಹೀಗೆ ಊರಿಗೆಲ್ಲ ಪಾಠ ಹೇಳಿದವಳು ಝಾನೆಟ್ಟಿ ಅಣ್ಣತಮ್ಮಂದಿರ ಮನೆಯಲ್ಲಿ ಹೊಟ್ಟೆ ಮುಟ್ಟಲಿಲ್ಲ.

ಎಲಿಯೊ ಝಾನೆಟ್ಟಿಗೆ ಎಪ್ಪತ್ತೊಂಬತ್ತು, ತಮ್ಮ ರೀನೊಗೆ ಎಪ್ಪತ್ತಮೂರು. ಇಬ್ಬರೂ ಮದುವೆಯಾಗಲಿಲ್ಲ. ಐವತ್ತು ವರ್ಷ ಒಟ್ಟಿಗೆ ಕಬ್ಬು ಬೆಳೆದು, ಒಂದೇ ಟ್ರ್ಯಾಕ್ಟರಿಗಾಗಿ ಜಗಳವಾಡಿ, ಒಂದೇ ಮೇಜಿನಲ್ಲಿ ಉಂಡವರು. ಎಲಿಯೊನ ಪ್ರಾಸ್ಟೇಟ್ ಕ್ಯಾನ್ಸರ್ ಸೊಂಟದ ಮೂಳೆಗೂ ಬೆನ್ನುಮೂಳೆಗೂ ಹರಡಿತ್ತು. ಅವನು ಬೇಡಿದ್ದು ಒಂದನ್ನೇ. ಸಾಯುವುದಾದರೆ ಈ ಮನೆಯಲ್ಲಿ, ಸಕ್ಕರೆ ಕಾರ್ಖಾನೆಯ ಕಬ್ಬಿನ ರೈಲು ಕೇಳಿಸುವ ಈ ಕೋಣೆಯಲ್ಲಿ. ರೀನೊ ಹೂಂ ಅಂದಿದ್ದ.

ಹಿಂದಿನ ಮಂಗಳವಾರ ಮೆರಿನ್ ಅಲ್ಲಿಗೆ ಬಂದಾಗ ಅವಳಿಗೆ ಇನ್ನೂ ಎರಡು ಮನೆಗಳು ಬಾಕಿಯಿದ್ದವು. ಎಲಿಯೊ ನೋವು ಹತ್ತಕ್ಕೆ ಏಳು ಎಂದ. ಅವನಿಗೆ ನಿಧಾನವಾಗಿ ಕರಗುವ ಮಾರ್ಫಿನ್ ಮಾತ್ರೆ, ಮೂವತ್ತು ಮಿಲಿಗ್ರಾಂ, ದಿನಕ್ಕೆರಡು ಸಲ. ನಡುವೆ ನೋವು ಎದ್ದರೆ ಹತ್ತು ಮಿಲಿಗ್ರಾಂ ದ್ರವ ಮಾರ್ಫಿನ್. ದಿನಕ್ಕೆ ನಾಲ್ಕು ಸಲ ದ್ರವ ಕೊಟ್ಟಿದ್ದಾಗಿ ರೀನೊ ಪುಸ್ತಕದಲ್ಲಿ ಬರೆದಿದ್ದ. ಫ್ರಿಜ್ಜಿನ ಮೇಲೆ ಅಂಟಿಸಿದ ಕಕ್ಕಸಿನ ಹಾಳೆಯಲ್ಲಿ ದಿನಕ್ಕೊಂದು ಟಿಕ್ ಇತ್ತು. ಮೆರಿನ್ ಹಾಳೆ ನೋಡಿದಳು, ಹೊಟ್ಟೆ ನೋಡಲಿಲ್ಲ. ಮಾತ್ರೆ ಎಣಿಸಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಮಾತ್ರೆಯನ್ನು ನಲವತ್ತೈದಕ್ಕೆ, ದ್ರವವನ್ನು ಹದಿನೈದಕ್ಕೆ ಏರಿಸಿದಳು. ‘ಮಲವಿಸರ್ಜನೆ ದಿನವೂ ಸರಿ. ತಮ್ಮ ಚೆನ್ನಾಗಿ ನಿಭಾಯಿಸುತ್ತಿದ್ದಾರೆ’ ಎಂಬ ಎರಡು ಸಾಲನ್ನು ಅದರ ಹಿಂದಿನ ವಾರದ ಟಿಪ್ಪಣಿಯಿಂದ ಹಾಗೇ ಎತ್ತಿಕೊಂಡಳು.

ಈ ಮಂಗಳವಾರ ಹತ್ತು ಗಂಟೆಗೆ ಅವಳು ಬಾಗಿಲು ತೆರೆದಾಗ ರೀನೊ ಎಲಿಯೊನ ಕೋಣೆಯ ಹೊರಗೆ ಅಡುಗೆಮನೆಯ ಕುರ್ಚಿಯಲ್ಲಿ ಕೂತೇ ನಿದ್ದೆ ಹೋಗಿದ್ದ. ಬೆಲ್ಟಿಗೆ ಹೊಸದಾಗಿ ಮೊಳೆಯಿಂದ ತೂತು ಹೊಡೆದಿದ್ದ. ಅಷ್ಟು ಸೊರಗಿದ್ದ. ಅದು ಒಂದು ವಾರದಲ್ಲಿ ಸೊರಗಿದ್ದಲ್ಲ ಎಂದು ಯಾರು ಬೇಕಾದರೂ ಹೇಳಿಯಾರು. ಚೆನ್ನಾಗಿ ನಿಭಾಯಿಸುತ್ತಿದ್ದಾರಂತೆ.

ಒಳಗೆ ಎಲಿಯೊ ಗೋಡೆಯ ಕಡೆ ತಿರುಗಿ ಮಲಗಿದ್ದ.

“ಏನಮ್ಮ, ಇವತ್ತೂ ನಂಬರ್ ಕೇಳ್ತೀಯಾ? ಎಂಟು ಬರ್ಕೊ. ಹಾಳಾಗಿ ಹೋಗ್ಲಿ, ಒಂಬತ್ತೇ ಬರಿ.”

“ಎಲ್ಲಿ ನೋವು ಎಲಿಯೊ?”

“ಸೊಂಟದಲ್ಲಿ ಇದ್ದೇ ಇದೆ. ಈಗ ಹೊಟ್ಟೆಲೂ ಹಿಂಡತ್ತೆ. ವಾಕರಿಕೆ. ಊಟ ನೋಡಿದ್ರೆ ಆಗಲ್ಲ.”

ಅವಳು ಹೊದಿಕೆ ಸರಿಸಿ ಕೈಯಿಟ್ಟಳು. ಹೊಟ್ಟೆ ಬಿಗಿದು ಉಬ್ಬಿತ್ತು. ಎಡಭಾಗದಲ್ಲಿ ಗಂಟುಗಂಟಾಗಿ ಕೈಗೆ ಸಿಕ್ಕಿತು. ಇಂಥದ್ದು ನಿನ್ನೆ ಮೊನ್ನೆ ಆಗುವುದಲ್ಲ. ಹೋದ ವಾರ ಅರ್ಧ ನಿಮಿಷ ಇದೇ ಕೈ ಇಲ್ಲಿಟ್ಟಿದ್ದರೆ ಸಾಕಿತ್ತು.

ಈಗ ಕೈ ತನ್ನ ಕೆಲಸ ಬಿಡಲಿಲ್ಲ. ಸ್ಟೆತಾಸ್ಕೋಪ್ ಇಟ್ಟು ಕೇಳಿದಳು. ಕರುಳಿನ ಸದ್ದು ಇತ್ತು. ವಾಂತಿಯಾಗಿರಲಿಲ್ಲ, ಗಾಳಿ ಹೋಗುತ್ತಿತ್ತು. ಕರುಳು ಪೂರ್ತಿ ಕಟ್ಟಿಕೊಂಡಿಲ್ಲ ಎನ್ನಬಹುದಿತ್ತು. ಬೆನ್ನುಮೂಳೆಯ ಗೆಡ್ಡೆ ನರ ಒತ್ತಿದರೂ ಹೀಗಾಗಬಹುದು ಎಂದು ಎರಡೂ ಕಾಲು ಒತ್ತಿಸಿ ನೋಡಿದಳು, ಮರಗಟ್ಟಿದೆಯೇ, ಮೂತ್ರ ಸಲೀಸೇ ಎಂದು ಕೇಳಿದಳು. ಕಾಲಲ್ಲಿ ಬಲವಿತ್ತು, ಮೂತ್ರಕ್ಕೂ ತೊಂದರೆಯಿರಲಿಲ್ಲ. ಕೊನೆಗೆ ಎಲಿಯೊನನ್ನು ಕೇಳಿ, ಗ್ಲೋವ್ಸ್ ಹಾಕಿ ಒಳಗೂ ಪರೀಕ್ಷಿಸಿದಳು. ಕಲ್ಲಿನಂತೆ ಗಟ್ಟಿಯಾದ ಮಲ ಗುದದ ಬಾಯಿಗೇ ಬಂದು ಕೂತಿತ್ತು.

ಬಾಗಿಲಲ್ಲಿ ರೀನೊ ನಿಂತಿದ್ದ. “ಹಾಳೇಲಿ ಟಿಕ್ ಇದೆಯಲ್ಲ, ಸಿಸ್ಟರ್,” ಎಂದ, ಅವಳು ಇನ್ನೂ ಏನೂ ಕೇಳಿರಲಿಲ್ಲ.

“ರೀನೊ, ಅದನ್ನ ಬಿಡಿ. ನಿಜ ಹೇಳಿ, ಎಷ್ಟು ದಿನ ಆಯ್ತು?”

“ಲೋ, ಬಾಯಿ ಮುಚ್ಕೊಂಡಿರೋ,” ಎಂದ ಎಲಿಯೊ ಗೋಡೆಯ ಕಡೆಗೇ.

ರೀನೊ ಅಣ್ಣನ ಬೆನ್ನು ನೋಡಿದ. ಆ ಬೆನ್ನು ಇನ್ನೊಮ್ಮೆ ಹಿಂಡಿದ ನೋವಿಗೆ ಮುದುಡಿತು.

“ಹನ್ನೆರಡು ದಿನ,” ಎಂದ. “ಇನ್ನು ನನ್ನ ಕೈಲಿ ಆಗಲ್ಲ ಎಲಿಯೊ. ನೀನು ಬೈದ್ರೂ ಸರಿ.”

ಒಂದು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. ಹನ್ನೆರಡು ದಿನದ ಹಿಂದೆ, ಗುರುವಾರ, ಮಲಬದ್ಧತೆಯ ಔಷಧಿ ಕೊಂಚ ಹೆಚ್ಚೇ ಕೆಲಸ ಮಾಡಿ, ಎಲಿಯೊ ಹಾಸಿಗೆಯಲ್ಲೇ ಎಲ್ಲ ಮಾಡಿಕೊಂಡಿದ್ದ. ತಮ್ಮ ತೊಳೆಯುವಾಗ ಅಣ್ಣ ಅತ್ತಿದ್ದ. ಅವನು ಅತ್ತದ್ದನ್ನು ರೀನೊ ನೋಡಿದ್ದು ಅದೇ ಮೊದಲು. ಅಂದೇ ಆ ಔಷಧಿ ನಿಂತಿತು. ಅದಿಲ್ಲದೆ ಹೊಟ್ಟೆ ಕಟ್ಟುವುದು ಖಂಡಿತ. ಕಟ್ಟಿಸುವುದು ಮಾರ್ಫಿನ್ ಎಂದು ಎಲಿಯೊ ಮರುದಿನದಿಂದಲೇ ಬೆಳಗಿನ ಮಾತ್ರೆಯನ್ನೂ ಬಿಟ್ಟ. ರಾತ್ರಿಯದು ಮಾತ್ರ ನುಂಗುತ್ತಿದ್ದ. ರೀನೊ ಕಾಫಿ ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ ಸುರಿದ. ಮೂವತ್ತರ ಮಾತ್ರೆ ಹನ್ನೆರಡು, ಡೋಸ್ ಏರಿಸಿದ ಮೇಲೆ ಅದರ ಜೊತೆ ಸೇರಿದ ಹದಿನೈದರದು ಏಳು.

ಹಾಗಾದರೆ ಹೋದ ವಾರ ದ್ರವ ನಾಲ್ಕು ಸಲ ಬೇಕಾದದ್ದು ಔಷಧಿ ಸಾಲದೆ ಅಲ್ಲ, ಅರ್ಧ ಔಷಧಿ ಈ ಡಬ್ಬಿಯಲ್ಲಿ ಇದ್ದುದಕ್ಕೆ. ಅದನ್ನು ಎಣಿಸದೆ ಅವಳು ಡೋಸ್ ಏರಿಸಿದ್ದಳು, ಕಟ್ಟಿದ ಹೊಟ್ಟೆಯನ್ನು ಇನ್ನಷ್ಟು ಬಿಗಿ ಮಾಡಿದ್ದಳು. ಆ ಎಂಟು ಒಂಬತ್ತು ನಂಬರಿನಲ್ಲಿ ಕ್ಯಾನ್ಸರಿನದೆಷ್ಟು, ಅವಳದೆಷ್ಟು?

“ನನಗೆ ಯಾಕೆ ಹೇಳ್ಲಿಲ್ಲ ರೀನೊ?”

“ಮೊದಲನೇ ದಿನ ನೀವೇ ಹೇಳಿದ್ರಲ್ಲ. ನಿಭಾಯಿಸೋಕೆ ಆಗದಿದ್ರೆ ಆಸ್ಪತ್ರೆ ಇದ್ದೇ ಇದೆ ಅಂತ.”

ಮೆರಿನ್ ಹೇಳಿದ್ದು ಹೌದು. ಎಲ್ಲ ಮನೆಯಲ್ಲೂ ಹೇಳುತ್ತಾಳೆ, ಧೈರ್ಯಕ್ಕೆಂದು, ಕಾರಿನ ಕೀಲಿ ಹುಡುಕುತ್ತ. ಈ ಮನೆಯಲ್ಲಿ ಅದು ಬೆದರಿಕೆಯಾಗಿ ಕೂತಿತ್ತು. ವಾರವಾರವೂ ‘ಚೆನ್ನಾಗಿ ನಿಭಾಯಿಸುತ್ತಿದ್ದಾರೆ’ ಎಂಬ ಸಾಲನ್ನು ಮನೆಯಲ್ಲೇ ಇರುವ ಫೈಲಿನಲ್ಲಿ ಓದಿ, ಇನ್ನೊಂದು ವಾರ ಅಣ್ಣ ಉಳಿದ ಎಂದುಕೊಂಡು, ರೀನೊ ಟಿಕ್ ಹಾಕುತ್ತಿದ್ದ.

ಅವಳು ಹಿತ್ತಿಲಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದಳು. ಒಳಗಿನಿಂದ ಕಪಾಟು ತೆರೆದು ಮುಚ್ಚುವ ಸದ್ದು ಕೇಳುತ್ತಿತ್ತು.

“ಹೋದ ವಾರ ನಾನು ಹೊಟ್ಟೆ ನೋಡ್ಲಿಲ್ಲ, ಮಾತ್ರೆ ಎಣಿಸ್ಲಿಲ್ಲ. ನೋಡ್ದೇನೇ ಏರಿಸೋಕೆ ಹೇಳ್ದೆ,” ಎಂದಳು. ಬೇರೆಯವರ ತಪ್ಪಾಗಿದ್ದರೆ ಇಷ್ಟು ಚುಟುಕಾಗಿ ಹೇಳುತ್ತಿರಲಿಲ್ಲ.

ಡಾಕ್ಟರ್, “ಸರಿ. ಈಗ ಏರಿಸೋದು ಬೇಡ, ಮೂವತ್ತಕ್ಕೇ ಇಳ್ಸೋಣ, ಆದ್ರೆ ಎರಡೂ ಹೊತ್ತು ತಪ್ಪದೆ. ದ್ರವ ಹತ್ತು. ಕೆಳಗಿಂದ ಮೊದಲು ಮೆತ್ತಗೆ ಮಾಡು, ಆಮೇಲೆ ಸಣ್ಣ ಎನಿಮಾ. ಖಾಲಿಯಾದ ಮೇಲೆ ರಾತ್ರಿಯಿಂದ ಮಲಬದ್ಧತೆ ಔಷಧಿ ದಿನಾ. ವಾಂತಿ ಶುರುವಾದ್ರೆ ತಕ್ಷಣ ಹೇಳು. ನಾಳೆ ಮತ್ತೆ ನೋಡು,” ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮೊದಲು ದ್ರವ ಮಾರ್ಫಿನ್ ಕೊಟ್ಟು, ನೋವು ತಗ್ಗುವವರೆಗೆ ಕಾದು, ಮಲ ಮೆತ್ತಗಾಗಲೆಂದು ಕೆಳಗಿನಿಂದ ಗ್ಲಿಸರಿನ್ ಗುಳಿಗೆ ಇಟ್ಟಳು. ಆಮೇಲೆ ಎನಿಮಾ. ಒಂದೂವರೆ ತಾಸು ಹಿಡಿಯಿತು. ರೀನೊನನ್ನು ಒಳಗೆ ಬಿಡಲಿಲ್ಲ. ತೊಳೆದದ್ದು, ಒರೆಸಿದ್ದು, ಹಾಸಿಗೆ ಬದಲಿಸಿದ್ದು ಎಲ್ಲ ಅವಳೇ.

“ಎಲಿಯೊ, ಹೋದ ವಾರ ತಪ್ಪು ಮಾಡಿದ್ದು ನಾನು. ಒಂದು ವಾರ ನೀವು ಅನುಭವಿಸಿದ್ರಿ. ಕ್ಷಮಿಸಿ.”

ಎಲಿಯೊ ಕಣ್ಣು ಮುಚ್ಚಿಯೇ ಇದ್ದ. “ಈಗ ನಂಬರ್ ನಾಲ್ಕು,” ಎಂದ. ಆಮೇಲೆ, “ನಾಳೆಯಿಂದ ನನ್ನ ತೊಳೆಯೋಕೆ ಅವನು ಬೇಡ. ದುಡ್ಡು ಕೊಟ್ಟು ಯಾರನ್ನಾದ್ರೂ ಕಳ್ಸು. ಅವನು ನನ್ನ ತಮ್ಮ ಕಣಮ್ಮ,” ಎಂದ.

ಕ್ಷಮಿಸಿದೆ ಎನ್ನಲಿಲ್ಲ. ಕ್ಷಮೆ ಕೇಳಿದ್ದು ತನಗೆ ಸಮಾಧಾನವಾಗಲೆಂದೇ ಎಂದು ಮೆರಿನ್‌ಗೂ ಗೊತ್ತಿತ್ತು.

ಫೈಲು ಬರೆಯಲು ಅಡುಗೆಮನೆಗೆ ಬಂದಾಗ ರೀನೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ನಿಂತಿದ್ದ. ಕಾಲ ಬಳಿ ಒಂದು ಪುಟ್ಟ ಸೂಟ್‌ಕೇಸ್. ಎಲಿಯೊನ ಪೈಜಾಮ ಎರಡು, ಚಪ್ಪಲಿ, ರೇಜರ್, ಅಮ್ಮನ ಫೋಟೊ.

“ಆಂಬುಲೆನ್ಸ್ ಎಷ್ಟೊತ್ತಿಗೆ ಬರುತ್ತೆ ಸಿಸ್ಟರ್? ನಾನೂ ಹತ್ಬಹುದಲ್ವಾ?”

ಅಣ್ಣನನ್ನು ಕಳಕೊಳ್ಳುತ್ತೇನೆ ಎಂದು ಪೂರ್ತಿ ನಂಬಿಕೊಂಡೇ ಇವನು ಆ ‘ಹನ್ನೆರಡು ದಿನ’ ಎಂದಿದ್ದ. ಮೆರಿನ್ ಕುರ್ಚಿ ಎಳೆದು ಕೂತಳು.

“ಯಾರೂ ಬರಲ್ಲ ರೀನೊ. ಎಲಿಯೊ ಇಲ್ಲೇ ಇರ್ತಾರೆ.”

“ಬಾಯಲ್ಲಿ ಹೇಳ್ಬೇಡಿ. ಅದರಲ್ಲಿ ಬರೀರಿ.”

ಅವಳು ಬರೆದಳು. ಕೊನೆಯವರೆಗೆ ಮನೆಯಲ್ಲೇ ಎಂದು ಬರೆಯಲು ಕೈ ಹೋಯಿತು, ನಿಂತಿತು. ಆ ಮಾತು ಕೊಡಲು ಅವಳಿಂದಾಗದು. ಧೈರ್ಯಕ್ಕೆಂದು ಹೇಳಿದ್ದರ ಫಲವನ್ನು ಈಗಷ್ಟೇ ಬಕೆಟ್ಟಿನಲ್ಲಿ ಹೊತ್ತು ಹಾಕಿ ಬಂದಿದ್ದಳು. ‘ಹೋದ ವಾರ ನಾನು ಹೊಟ್ಟೆ ಪರೀಕ್ಷಿಸಲಿಲ್ಲ, ಮಾತ್ರೆ ಎಣಿಸಲಿಲ್ಲ. ಡೋಸ್ ಏರಿಸಿದ್ದು ತಪ್ಪು ಲೆಕ್ಕದ ಮೇಲೆ. ತಮ್ಮ ರೀನೊ ತೀರ ದಣಿದಿದ್ದಾರೆ. ನಾನು ಕೇಳಲೇ ಇಲ್ಲ. ನಾಳೆಯಿಂದ ಬೆಳಿಗ್ಗೆ ಸ್ನಾನಕ್ಕೆ ಸಹಾಯಕರು. ವಾರದಲ್ಲಿ ಎರಡು ರಾತ್ರಿ ಕಾಯಲು ನರ್ಸಿಗಾಗಿ ಕೇಳುತ್ತೇನೆ. ಇಂದು ಆಸ್ಪತ್ರೆ ಬೇಕಿಲ್ಲ. ಮುಂದೆ ಬೇಕಾದರೆ, ಮೊದಲು ಎಲಿಯೊ ಮತ್ತು ರೀನೊ ಅವರನ್ನು ಕೇಳುವುದು.’

ರೀನೊ ಕನ್ನಡಕ ಏರಿಸಿ ಎರಡು ಸಲ ಓದಿದ. ಬೆರಳು ‘ಇಂದು’ ಎಂಬಲ್ಲಿ ನಿಂತಿತು.

“ಇಂದು ಅಂತ ಇದೆ.”

“ಹೌದು. ಅಷ್ಟೇ ನನಗೆ ಗೊತ್ತಿರೋದು.”

ಅವನು ತಲೆಯಾಡಿಸಿದ. ಸೂಟ್‌ಕೇಸ್ ತೆರೆದು ರೇಜರ್ ಒಂದನ್ನೇ ಹೊರಗೆ ತೆಗೆದ, ಎಲಿಯೊಗೆ ಗಡ್ಡ ಬೆಳೆದಿತ್ತು. ಉಳಿದದ್ದನ್ನು ಹಾಗೇ ಮುಚ್ಚಿ, ಬಾಗಿಲ ಹಿಂದೆ ಇಟ್ಟ.