ಹೌಸ್‌ಕೀಪಿಂಗ್ ಎಂದರೆ

ಕಾರವಾರದ ಹೋಟೆಲಿನಿಂದ, ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಹೋಗುವ ಮಗಳಿಗೆ ಇಂಟರ್ನ್‌ಶಿಪ್ ಆಫರ್ ಲೆಟರ್ ಬಂದಿತ್ತು. ಸಂಜೆಯೊಳಗೆ ಪಾಲಕನಾಗಿ ನಾನು ಸಹಿ ಹಾಕಬೇಕಿತ್ತು. ಅವಳು ಅದನ್ನು ಓದಿ ಹೇಳುತ್ತಿದ್ದಳು: ಆರು ತಿಂಗಳು, ದಿನಕ್ಕೆ ಇಷ್ಟು ತಾಸು, ಸ್ಟೈಪೆಂಡ್ ಇಷ್ಟು, ಉಗುರು ಬೆಳೆಸಬಾರದು, ಗಿರಾಕಿಗಳೊಂದಿಗೆ ವಾದಿಸಬಾರದು. ನಾನು ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ.

ಕೆಲಸಗಳಲ್ಲಿ ಹೌಸ್‌ಕೀಪಿಂಗ್ ಎಂದಿತ್ತು. ಇಡೀ ಹೋಟೆಲಿನ ಬೀಗದ ಕೈ ಮಗಳ ಕೈಗೇ ಎಂದು ನಮ್ಮೂರು ಭಾವಿಕೇರಿಯಲ್ಲಿ ನಾಲ್ಕು ಜನರಿಗೆ ಆಗಲೇ ಹೇಳಿಬಿಟ್ಟಿದ್ದೆ; ಅವಳಿಗೂ ಅದನ್ನೇ ಹೇಳಿದೆ.

“ಅಲ್ಲ ಅಪ್ಪಾ, ರೂಮು ಗುಡಿಸೂದು, ಬಾತ್‌ರೂಮು ತೊಳೆಯೂದು,” ಎಂದು ನಕ್ಕಳು.

“ಅದಕ್ಕೆ ಕಾಲೇಜು ಎಂತಕ್ಕೆ? ನಾ ಸಹಿ ಹಾಕೂದಿಲ್ಲ.”

“ಶಾಲೆ ಬಿಟ್ಟು ಅಂಕೋಲೆ ಖಾನಾವಳಿಲಿ ನೀ ಎಂತ ಮಾಡಿದ್ದೆ?”

ತಟ್ಟೆ ತೊಳೆದಿದ್ದೆ. ಎಷ್ಟು ಹೊತ್ತು ತೊಳೆಯಬೇಕೆಂದು ನನಗೆ ಯಾರೂ ಬರೆದುಕೊಟ್ಟಿರಲಿಲ್ಲ.

“ದಿನಕ್ಕೆ ಎಷ್ಟು ತಾಸು? ಅದನ್ನ ಮತ್ತೊಂದ್ಸಲ ಓದು.”

“ಎಂಟು. ವಾರಕ್ಕೊಂದು ರಜೆ.”

ಪೆನ್ನು ಕೇಳಿದೆ.